ಒಂದೇ ಕಾರು, ಎರಡು ಕೊಟೇಶನ್

ದಾವಣಗೆರೆಯ ಒಬ್ಬ ಮೇಷ್ಟ್ರು ಅಂದುಕೊಳ್ಳೋಣ. ಮನೆ ಮುಂದೆ ಕೆಎ 17 ನಂಬರಿನ, 1,197 ಸಿಸಿಯ ಪೆಟ್ರೋಲ್ ಕಾರು ನಿಂತಿದೆ. ಅದಕ್ಕೆ ಮೂರು ವರ್ಷ ದಾಟಿದೆ, ವಿಮೆ ಮುಗಿಯಲು ಇನ್ನು ಎಂಟು ದಿನವಿದೆ. ವರ್ಷಾವರ್ಷ ವಿಮೆ ಮಾಡಿಸುವ ಏಜೆಂಟ್ 13,636 ರೂಪಾಯಿಯ ಕೊಟೇಶನ್ ಕಳಿಸಿದ್ದಾರೆ. ಮೇಷ್ಟ್ರ ಮಗಳು ಮೊಬೈಲಿನಲ್ಲಿ ಇನ್ನೊಂದು ಕಂಪನಿಯ ವೆಬ್‌ಸೈಟ್ ತೆರೆದು, ಗಾಡಿ ನಂಬರ್ ಹಾಕಿ, ಎರಡೇ ನಿಮಿಷದಲ್ಲಿ 7,742 ರೂಪಾಯಿ ತೋರಿಸಿದ್ದಾಳೆ. ಕಾರು ಅದೇ, ಊರು ಅದೇ, ಎರಡರ ಮೇಲೂ ‘ಕಾಂಪ್ರಹೆನ್ಸಿವ್’ ಎಂದೇ ಬರೆದಿದೆ. ಆದರೂ 5,894 ರೂಪಾಯಿಯ ಅಂತರ.

“ಅಪ್ಪಾ, ಆ ಏಜೆಂಟ್ ಅಂಕಲ್ ಕಮಿಷನ್ ಹಾಕಿರ್ತಾರೆ, ಬಿಡಿ” ಎಂದು ಮಗಳು ಹೇಳುವುದು ಸಹಜ. ಬಹಳಷ್ಟು ಮನೆಗಳಲ್ಲಿ ಮಾತು ಅಲ್ಲಿಗೇ ಮುಗಿದು, ಕಡಿಮೆ ಮೊತ್ತದ ಕೆಳಗಿನ ಬಟನ್ ಒತ್ತಿಬಿಡುತ್ತಾರೆ. ಈ ಎರಡು ಕೊಟೇಶನ್‌ಗಳನ್ನು ಸಾಲು ಸಾಲಾಗಿ ಬಿಡಿಸಿ ನೋಡಿದರೆ ಕಥೆ ಬೇರೆಯೇ ಇದೆ. ಅಂಕಿಗಳು ಇಲ್ಲಿ ಲೆಕ್ಕಕ್ಕೆ ಸುಲಭವಾಗಲೆಂದು ಇಟ್ಟುಕೊಂಡವು. ಲೆಕ್ಕದ ದಾರಿ ಮಾತ್ರ ಯಾವ ಕಂಪನಿಯ ಕಾಗದ ಹಿಡಿದರೂ ಇದೇ.

ಮೊದಲು ಬದಲಾಗದ ಭಾಗವನ್ನು ಪಕ್ಕಕ್ಕಿಡಬೇಕು. ಕಾರು ವಿಮೆಯ ಪ್ರೀಮಿಯಂನಲ್ಲಿ ಎರಡು ತುಂಡುಗಳಿವೆ. ನಮ್ಮ ಕಾರಿನಿಂದ ಬೇರೆಯವರಿಗೆ ಆಗುವ ಹಾನಿಗೆ ಥರ್ಡ್ ಪಾರ್ಟಿ, ನಮ್ಮದೇ ಕಾರಿಗೆ ಆಗುವ ಹಾನಿಗೆ ಓನ್ ಡ್ಯಾಮೇಜ್. ಥರ್ಡ್ ಪಾರ್ಟಿ ದರವನ್ನು ಸರ್ಕಾರವೇ ಗೊತ್ತುಮಾಡುತ್ತದೆ. 2022ರ ಜೂನ್‌ನಲ್ಲಿ ಜಾರಿಗೆ ಬಂದ ಪಟ್ಟಿಯಂತೆ ಸಾವಿರ ಸಿಸಿವರೆಗಿನ ಖಾಸಗಿ ಕಾರಿಗೆ 2,094 ರೂಪಾಯಿ, ಅದರ ಮೇಲೆ 1,500 ಸಿಸಿವರೆಗೆ 3,416, ಅದಕ್ಕೂ ದೊಡ್ಡ ಎಂಜಿನ್‌ಗೆ 7,897. ಯಾವ ಕಂಪನಿಗೂ ಇದರಲ್ಲಿ ಒಂದು ರೂಪಾಯಿ ಇಳಿಸಲು ಅಧಿಕಾರವಿಲ್ಲ. ಹಾಗಾಗಿ ಮೇಷ್ಟ್ರ ಎರಡೂ ಕೊಟೇಶನ್‌ಗಳಲ್ಲಿ 3,416 ಇದ್ದೇ ಇದೆ. ಕೊನೆಯಲ್ಲಿ ಒಟ್ಟು ಮೊತ್ತದ ಮೇಲೆ ಬೀಳುವ ಶೇ 18ರ ಜಿಎಸ್‌ಟಿ ದರವೂ ಎರಡಕ್ಕೂ ಒಂದೇ. ವಾಹನದ ಮಾಲೀಕ-ಚಾಲಕನಿಗೆ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಕಡ್ಡಾಯ. ಅದು ಮೇಷ್ಟ್ರ ಹೆಸರಿನಲ್ಲಿ ಬೇರೆಯಾಗಿ ಇರುವುದರಿಂದ ಇಲ್ಲಿ ಸೇರಿಲ್ಲ. ಇದ್ದೂ ಮತ್ತೊಮ್ಮೆ ಸೇರಿಸಿದ್ದರೆ ತೆಗೆಸಬಹುದು.

ಹಾಗಾದರೆ ಐದೂ ಮುಕ್ಕಾಲು ಸಾವಿರ ಚಿಲ್ಲರೆಯ ಅಂತರ ಪೂರ್ತಿ ಓನ್ ಡ್ಯಾಮೇಜ್ ಭಾಗದ್ದೇ. ಅಲ್ಲಿ ಮೊದಲು ಕಣ್ಣಿಗೆ ಬೀಳುವುದು ಐಡಿವಿ.

ಇನ್ಶೂರ್ಡ್ ಡಿಕ್ಲೇರ್ಡ್ ವ್ಯಾಲ್ಯೂ ಅಂದರೆ ವಿಮೆಗಾಗಿ ಘೋಷಿಸಿದ ಕಾರಿನ ಬೆಲೆ. ಕಾರು ಕಳುವಾಗಿ ಸಿಗದೇ ಹೋದರೆ, ಅಥವಾ ರಿಪೇರಿಗೆ ಅರ್ಥವಿಲ್ಲದಷ್ಟು ಜಖಂ ಆದರೆ, ಕಂಪನಿ ಕೊಡುವ ಗರಿಷ್ಠ ಹಣ ಅದು. ಆ ಬೆಲೆ ವಿಮೆಯ ಇಡೀ ವರ್ಷಕ್ಕೆ ಗಟ್ಟಿ. ಹನ್ನೊಂದನೇ ತಿಂಗಳಲ್ಲಿ ಕಾರು ಕಳುವಾದರೂ ‘ಇಷ್ಟು ದಿನದ ಸವಕಳಿ’ ಎಂದು ಅದರಲ್ಲಿ ಮುರಿದುಕೊಳ್ಳುವಂತಿಲ್ಲ.

ಈ ಬೆಲೆ ಕಟ್ಟುವುದು ಮಾರುಕಟ್ಟೆಯ ಅಂದಾಜಿನಿಂದಲ್ಲ, ಒಂದು ಕೋಷ್ಟಕದಿಂದ. ಅದೇ ಮಾದರಿಯ ಕಾರಿಗೆ ತಯಾರಕರು ಈಗ ಇಟ್ಟಿರುವ ಪಟ್ಟಿ ಬೆಲೆ ತೆಗೆದುಕೊಂಡು, ಕಾರಿನ ವಯಸ್ಸಿಗೆ ತಕ್ಕಂತೆ ಸವಕಳಿ ಕಳೆಯುತ್ತಾರೆ. ಆರು ತಿಂಗಳೊಳಗಿನ ಕಾರಿಗೆ ಶೇ 5, ಒಂದು ವರ್ಷದೊಳಗೆ ಶೇ 15, ಎರಡರೊಳಗೆ ಶೇ 20, ಅಲ್ಲಿಂದ ಮುಂದೆ ವರ್ಷಕ್ಕೆ ಹತ್ತರಂತೆ ಏರಿ, ನಾಲ್ಕರಿಂದ ಐದು ವರ್ಷದ ಕಾರಿಗೆ ಶೇ 50. ಐದು ದಾಟಿದ ಕಾರಿಗೆ ಮತ್ತು ತಯಾರಿಕೆ ನಿಂತುಹೋದ ಮಾದರಿಗೆ ಕೋಷ್ಟಕವಿಲ್ಲ. ಕಂಪನಿ ಮತ್ತು ಮಾಲೀಕರು ಮಾತಾಡಿ ಒಪ್ಪಿದ ಬೆಲೆಯೇ ಐಡಿವಿ.

ಇಲ್ಲಿ ‘ಈಗಿನ ಪಟ್ಟಿ ಬೆಲೆ’ ಎಂಬ ಮಾತನ್ನು ಹಿಡಿದುಕೊಳ್ಳಬೇಕು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಮೇಲಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದು, ಪಟ್ಟಿ ಬೆಲೆಗಳೂ ಇಳಿದವು. ಮೂರು ವರ್ಷದ ಹಿಂದಿನ ಶೋರೂಮ್ ಬಿಲ್ ಹಿಡಿದು ಶೇ 40 ಕಳೆದು ನೋಡಿದವರಿಗೆ ಕಂಪನಿಯ ಐಡಿವಿ ಕಡಿಮೆ ಕಂಡರೆ ಅದು ಮೋಸ ಅಲ್ಲದೆಯೂ ಇರಬಹುದು. ಲೆಕ್ಕವನ್ನು ಇವತ್ತಿನ ಎಕ್ಸ್-ಶೋರೂಮ್ ಬೆಲೆಯಿಂದಲೇ ಶುರುಮಾಡಬೇಕು.

ಮೇಷ್ಟ್ರ ಕಾರಿನ ಈಗಿನ ಪಟ್ಟಿ ಬೆಲೆ 8 ಲಕ್ಷ ಎಂದಿಟ್ಟುಕೊಂಡರೆ, ಶೇ 40 ಕಳೆದು ಐಡಿವಿ 4,80,000 ರೂಪಾಯಿ. ಏಜೆಂಟ್ ಕಳಿಸಿದ ಕಾಗದದಲ್ಲಿ ಅಷ್ಟೇ ಇದೆ. ಮಗಳ ಮೊಬೈಲಿನಲ್ಲಿ ಇರುವುದು 4,10,000. ಆನ್‌ಲೈನ್ ಕೊಟೇಶನ್‌ಗಳಲ್ಲಿ ಐಡಿವಿಗೆ ಒಂದು ಕನಿಷ್ಠ, ಒಂದು ಗರಿಷ್ಠ ಮಿತಿ ಇಟ್ಟು, ಅದರ ನಡುವೆ ಎಲ್ಲಿ ಬೇಕಾದರೂ ನಿಲ್ಲಿಸಿಕೊಳ್ಳಲು ಬಿಡುತ್ತಾರೆ. ಪುಟ ತೆರೆದಾಗ ಕಾಣುವುದು ಎಷ್ಟೋ ಸಲ ಕನಿಷ್ಠದ ಬೆಲೆ, ಏಕೆಂದರೆ ಅದರ ಪ್ರೀಮಿಯಂ ಕಡಿಮೆ.

ಎಷ್ಟು ಕಡಿಮೆ? ಏಜೆಂಟ್ ಕಂಪನಿಯ ದರ ಐಡಿವಿಯ ಶೇ 2 ಎನ್ನೋಣ. 70,000 ಇಳಿಸಿದರೆ ಪ್ರೀಮಿಯಂನಲ್ಲಿ 1,400 ಇಳಿಯುತ್ತದೆ. ಮುಂದೆ ಹೇಳಲಿರುವ ಶೇ 35ರ ಬೋನಸ್ ಕಳೆದರೆ ನಿಜವಾದ ಉಳಿತಾಯ 910, ಜಿಎಸ್‌ಟಿ ಸೇರಿಸಿ 1,074 ರೂಪಾಯಿ. ಕಾರು ಕಳುವಾದ ದಿನ ಅದೇ ಉಳಿತಾಯಕ್ಕೆ ತೆರುವ ಬೆಲೆ 70,000 ರೂಪಾಯಿ. ಸಾಲ ಇನ್ನೂ ತೀರದ ಕಾರಾದರೆ ಆ ಹಣ ಮೊದಲು ಹೋಗುವುದು ಬ್ಯಾಂಕಿಗೆ. ಸಾಲದ ಬಾಕಿಗಿಂತ ಐಡಿವಿ ಕಡಿಮೆಯಿದ್ದರೆ ಇಲ್ಲದ ಕಾರಿಗೆ ಕಂತು ಕಟ್ಟುವ ಸ್ಥಿತಿ ಬರುತ್ತದೆ.

ಕಳವು ಅಪರೂಪ ಎನ್ನಬಹುದು. ಐಡಿವಿ ಇಳಿಸಿದವರಿಗೆ ಗೊತ್ತೇ ಆಗದ ಇನ್ನೊಂದು ಪರಿಣಾಮ ಅಪಘಾತದಲ್ಲಿದೆ. ರಿಪೇರಿಯ ಒಟ್ಟು ಖರ್ಚು ಐಡಿವಿಯ ಶೇ 75 ದಾಟಿದರೆ ಆ ಕಾರನ್ನು ‘ಟೋಟಲ್ ಲಾಸ್’ ಎಂದು ಪರಿಗಣಿಸುತ್ತಾರೆ. 4,80,000ಕ್ಕೆ ಆ ಗೆರೆ 3,60,000ದಲ್ಲಿದೆ, 4,10,000ಕ್ಕೆ 3,07,500ರಲ್ಲಿ. ರಾಷ್ಟ್ರೀಯ ಹೆದ್ದಾರಿಯಲ್ಲಿ ಕಾರು ಲಾರಿಗೆ ಗುದ್ದಿದ ಮೇಲೆ ಸರ್ವೇಯರ್ 3,30,000 ರೂಪಾಯಿಯ ರಿಪೇರಿ ಲೆಕ್ಕ ಕೊಟ್ಟರೆ, ಮೊದಲನೆಯ ಪಾಲಿಸಿಯಲ್ಲಿ ಕಾರು ರಿಪೇರಿಯಾಗಿ ಮನೆಗೆ ಬರುತ್ತದೆ. ಎರಡನೆಯದರಲ್ಲಿ ಅದೇ ಕಾರು, ಅದೇ ಜಖಂ, ಆದರೆ ಕಾರು ಹೋಯಿತು. ಕೈಗೆ ನಾಲ್ಕು ಲಕ್ಷ ಚಿಲ್ಲರೆ ಬರುತ್ತದೆ, ಅಷ್ಟರಲ್ಲಿ ಅಂಥದ್ದೇ ಕಾರು ಹುಡುಕಿಕೊಳ್ಳಬೇಕು.

ಇಷ್ಟು ಹೇಳಿದ ಮೇಲೆ ಇನ್ನೊಂದು ಪಕ್ಕವನ್ನೂ ಹೇಳಬೇಕು. ಬಾಗಿಲು ತಗ್ಗಾದದ್ದು, ಲೈಟು ಒಡೆದದ್ದು, ಇಂಥ ಸಣ್ಣಪುಟ್ಟ ಕ್ಲೇಮ್‌ಗೆ ಐಡಿವಿಯ ಹೆಚ್ಚುಕಡಿಮೆಯಿಂದ ಬರುವ ಹಣ ಬದಲಾಗುವುದಿಲ್ಲ. ಹಾಗಾಗಿ ಕೋಷ್ಟಕದ ಬೆಲೆಗಿಂತ ಮೇಲಕ್ಕೆ ಎಳೆದು ಹೆಚ್ಚು ಪ್ರೀಮಿಯಂ ಕಟ್ಟಿದರೆ ದಿನನಿತ್ಯದ ಕ್ಲೇಮ್‌ನಲ್ಲಿ ಏನೂ ಹೆಚ್ಚು ಸಿಗದು. ಶೋರೂಮಿನದಲ್ಲದ, ಹೊರಗೆ ಹಾಕಿಸಿದ ಸ್ಟೀರಿಯೊ ಅಥವಾ ಸಿಎನ್‌ಜಿ ಕಿಟ್ ಇದ್ದರೆ ಅದರ ಬೆಲೆಯನ್ನು ಮಾತ್ರ ಪಾಲಿಸಿಯಲ್ಲಿ ಬೇರೆಯಾಗಿ ನಮೂದಿಸಬೇಕು. ನಮೂದಿಲ್ಲದ ವಸ್ತುವಿಗೆ ವಿಮೆಯಿಲ್ಲ.

ಎರಡನೆಯ ಸಾಲು ಎನ್‌ಸಿಬಿ, ನೋ ಕ್ಲೇಮ್ ಬೋನಸ್. ಮಗಳ ಕೊಟೇಶನ್‌ನಲ್ಲಿ ಇದು ಶೇ 50 ಎಂದಿದೆ, ಏಜೆಂಟ್ ಕಾಗದದಲ್ಲಿ ಶೇ 35. ಇಷ್ಟು ದೊಡ್ಡ ರಿಯಾಯಿತಿ ಕೊಟ್ಟ ಕಂಪನಿಯೇ ಒಳ್ಳೆಯದು ಅನ್ನಿಸುತ್ತದೆ. ಆದರೆ ಬೋನಸ್ ಕಂಪನಿ ಕೊಡುವ ಉಡುಗೊರೆಯಲ್ಲ, ಮಾಲೀಕರು ವರ್ಷಗಳಿಂದ ಗಳಿಸಿಕೊಂಡದ್ದು. ಒಂದು ವರ್ಷ ಕ್ಲೇಮ್ ಇಲ್ಲದಿದ್ದರೆ ಶೇ 20, ಸತತ ಎರಡು ವರ್ಷಕ್ಕೆ 25, ಮೂರಕ್ಕೆ 35, ನಾಲ್ಕಕ್ಕೆ 45, ಐದಕ್ಕೆ 50. ಈ ಮೆಟ್ಟಿಲು ಎಲ್ಲ ಕಂಪನಿಗಳಲ್ಲೂ ಒಂದೇ. ಮೂರು ವರ್ಷದ ಕಾರಿನಲ್ಲಿ ಮೇಷ್ಟ್ರು ಏರಿರುವುದು ಮೂರನೆಯ ಮೆಟ್ಟಿಲು, ಐದನೆಯದಲ್ಲ. ಫಾರ್ಮಿನಲ್ಲಿ ‘ಹಿಂದಿನ ಬೋನಸ್ ಎಷ್ಟು’ ಎಂಬಲ್ಲಿ ಮಗಳ ಬೆರಳು ದೊಡ್ಡ ಸಂಖ್ಯೆಯ ಮೇಲೆ ಬಿದ್ದಿದೆ, ಅಷ್ಟೇ.

ಈ ಒಂದು ಒತ್ತುವಿಕೆ ಎಲ್ಲಕ್ಕಿಂತ ಅಪಾಯದ್ದು. ಪ್ರೀಮಿಯಂ ಕಟ್ಟುವಾಗ ಯಾರೂ ತಡೆಯದೇ ಇರಬಹುದು, ಪಾಲಿಸಿಯೂ ಇಮೇಲ್‌ಗೆ ಬಂದುಬಿಡಬಹುದು. ಕ್ಲೇಮ್ ಬಂದಾಗ ಕಂಪನಿ ಹಿಂದಿನ ಕಂಪನಿಯನ್ನು ಕೇಳುತ್ತದೆ. ಅಲ್ಲಿ ಬೇರೆ ಲೆಕ್ಕ ಸಿಕ್ಕರೆ ‘ಸುಳ್ಳು ಘೋಷಣೆ’ ಎಂದು ಓನ್ ಡ್ಯಾಮೇಜ್ ಕ್ಲೇಮ್‌ಗೆ ಕೈಯೆತ್ತಲು ಅದೇ ಕಾರಣವಾಗುತ್ತದೆ. ಕಳೆದ ವರ್ಷ ಕ್ಲೇಮ್ ಮಾಡಿದ್ದರೂ ‘ಇಲ್ಲ’ ಎಂದು ಹಾಕಿ ಪ್ರೀಮಿಯಂ ಇಳಿಸಿಕೊಡುವ ಏಜೆಂಟರೂ ಇದ್ದಾರೆ. ಸಹಿ ಮಾಲೀಕರದ್ದಾದ್ದರಿಂದ ಹೊಣೆಯೂ ಮಾಲೀಕರದೇ. ಅನುಮಾನ ಇದ್ದವರು ಹಳೆಯ ಪಾಲಿಸಿಯನ್ನು ತೆಗೆದು ನೋಡಬೇಕು. ಪ್ರೀಮಿಯಂ ಲೆಕ್ಕ ಬರೆದಿರುವ ಕೋಷ್ಟಕದಲ್ಲಿ, ಓನ್ ಡ್ಯಾಮೇಜ್ ಕಡೆಯ ಕಳೆಯುವ ಸಾಲುಗಳಲ್ಲಿ, ಎನ್‌ಸಿಬಿ ಎಷ್ಟು ಶೇಕಡಾ ಎಂದು ಅಚ್ಚಾಗಿರುತ್ತದೆ. ಆ ವರ್ಷ ಕ್ಲೇಮ್ ಆಗಿಲ್ಲದಿದ್ದರೆ ಅದರ ಮುಂದಿನ ಮೆಟ್ಟಿಲು ಈ ವರ್ಷದ್ದು. ಆಗಿದ್ದರೆ ಸೊನ್ನೆ.

ಕ್ಲೇಮ್ ಮಾಡಿದರೆ ಒಮ್ಮೆಲೇ ಸೊನ್ನೆಗೆ ಇಳಿಯುವುದರಿಂದ, ಸಣ್ಣ ಕ್ಲೇಮ್ ಮಾಡಬೇಕೇ ಬೇಡವೇ ಎಂಬುದಕ್ಕೂ ಒಂದು ಲೆಕ್ಕವಿದೆ. ಅದನ್ನು ಇಲ್ಲಿಯೇ ಮಾಡಿಬಿಡುವುದು ಒಳ್ಳೆಯದು, ಏಕೆಂದರೆ ಆಡ್-ಆನ್ ಬೇಕೋ ಬೇಡವೋ ಎಂಬುದೂ ಇದರಲ್ಲೇ ತಿಳಿಯುತ್ತದೆ.

ಶಾಲೆಯ ಗೇಟಿಗೆ ತಾಗಿ ಮುಂದಿನ ಬಂಪರ್ ಸೀಳಿತು ಎನ್ನೋಣ. ಗ್ಯಾರೇಜಿನ ಬಿಲ್ಲಿನಲ್ಲಿ ಬಂಪರ್ 6,500, ಪೇಂಟಿಂಗ್ 4,000, ಕೂಲಿ 1,500, ಒಟ್ಟು 12,000. ಸಾದಾ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್, ನೈಲಾನ್ ಭಾಗಗಳಿಗೆ ಕಾರು ಎಷ್ಟೇ ಹೊಸತಿರಲಿ ಶೇ 50 ಸವಕಳಿ. ಹಾಗಾಗಿ ಬಂಪರ್‌ಗೆ ಸಿಗುವುದು 3,250. ಪೇಂಟಿಂಗ್ ಬಿಲ್ಲಿನಲ್ಲಿ ಕಾಲು ಭಾಗವನ್ನು ಬಣ್ಣದ ಸಾಮಗ್ರಿ ಎಂದು ಹಿಡಿದು ಅದರಲ್ಲಿ ಅರ್ಧ ಕಳೆಯುತ್ತಾರೆ, ಅಂದರೆ 500 ಹೋಗಿ 3,500 ಸಿಗುತ್ತದೆ. ಕೂಲಿ ಪೂರ್ತಿ. ಒಟ್ಟು 8,250. ಇದರಲ್ಲಿ 1,500 ಸಿಸಿವರೆಗಿನ ಕಾರಿಗೆ ಪ್ರತಿ ಕ್ಲೇಮ್‌ನಲ್ಲೂ ಮಾಲೀಕರು ಕಡ್ಡಾಯವಾಗಿ ಹೊರಬೇಕಾದ 1,000 ಕಳೆದರೆ ಕಂಪನಿ ಕೊಡುವುದು 7,250 ರೂಪಾಯಿ. ಮೇಷ್ಟ್ರ ಕೈಯಿಂದ 4,750.

ಆ 7,250ಕ್ಕೆ ಕಳೆದುಕೊಳ್ಳುವುದೇನು? ಕ್ಲೇಮ್ ಮಾಡದಿದ್ದರೆ ಮುಂದಿನ ನವೀಕರಣದಲ್ಲಿ ಶೇ 45, ಆಮೇಲೆ ಸತತವಾಗಿ 50. ಮಾಡಿದರೆ ಮೊದಲು ಸೊನ್ನೆ, ಆಮೇಲೆ 20, 25, 35, 45. ಕಾರಿಗೆ ವಯಸ್ಸಾದಂತೆ ಐಡಿವಿ ಇಳಿದು ಬೋನಸ್‌ಗೆ ಮುಂಚಿನ ಓನ್ ಡ್ಯಾಮೇಜ್ ಪ್ರೀಮಿಯಂ ವರ್ಷವರ್ಷಕ್ಕೆ 8,000, 7,000, 6,500, 6,000, 5,500 ಎಂದು ಬರುತ್ತದೆ ಎಂದಿಟ್ಟುಕೊಂಡರೆ, ಮೊದಲ ವರ್ಷ ಬೋನಸ್ ಇಲ್ಲದೆ ಹೋಗುವ ಹಣ 3,600. ಎರಡನೆಯ ವರ್ಷ 2,100, ಆಮೇಲೆ 1,625, 900, 275. ಐದು ವರ್ಷಕ್ಕೆ 8,500, ಜಿಎಸ್‌ಟಿ ಸೇರಿ 10,030 ರೂಪಾಯಿ. ಕೈಗೆ ಬರುವ 7,250ಕ್ಕಾಗಿ 10,030 ಬಿಡುವುದು ನಷ್ಟದ ವ್ಯಾಪಾರ. ಗ್ಯಾರೇಜಿನಲ್ಲಿ ‘ಇನ್ಶೂರೆನ್ಸ್ ಇದೆಯಲ್ಲಾ ಸರ್, ಹಾಕಿಬಿಡೋಣ’ ಎನ್ನುವವರು ಈ ಲೆಕ್ಕ ಹೇಳುವುದಿಲ್ಲ. ಅವರ ಬಿಲ್ ಯಾರಿಂದ ಬಂದರೂ ಅವರಿಗೆ ಒಂದೇ.

ಬೋನಸ್‌ನ ಬಗ್ಗೆ ಇನ್ನೆರಡು ಮಾತು. ವಿಮೆ ಮುಗಿದು 90 ದಿನದೊಳಗೆ ನವೀಕರಿಸದಿದ್ದರೆ ಎಷ್ಟೇ ವರ್ಷದ ಬೋನಸ್ ಇರಲಿ, ಪೂರ್ತಿ ಹೋಗುತ್ತದೆ. ಮತ್ತೆ, ಬೋನಸ್ ಇರುವುದು ಮನುಷ್ಯನ ಹೆಸರಿಗೆ, ಕಾರಿಗಲ್ಲ. ಹಳೆ ಕಾರು ಮಾರಿದವರು ಕಂಪನಿಯಿಂದ ಬೋನಸ್ ಪತ್ರ ಬರೆಸಿಕೊಂಡರೆ ಮೂರು ವರ್ಷದೊಳಗೆ ಕೊಳ್ಳುವ ಹೊಸ ಕಾರಿನ ವಿಮೆಗೆ ಅದನ್ನು ಬಳಸಬಹುದು. ಹೊಸ ಕಾರಿನ ಓನ್ ಡ್ಯಾಮೇಜ್ ಪ್ರೀಮಿಯಂ 24,000 ಇದ್ದು, ಹಳೆಯ ಬೋನಸ್ ಶೇ 50 ಇದ್ದರೆ, ಒಂದು ಕಾಗದಕ್ಕೆ 12,000 ಉಳಿಯಿತು. ಶೋರೂಮಿನಲ್ಲಿ ಕಾರಿನ ಬಣ್ಣ, ಸೀಟ್ ಕವರ್, ಡೆಲಿವರಿ ದಿನದ ಮಾತಿನ ಗದ್ದಲದಲ್ಲಿ ಈ ಪತ್ರದ ನೆನಪು ಯಾರಿಗೂ ಬರುವುದಿಲ್ಲ. ಬೋನಸ್ ಮನುಷ್ಯನ ಹೆಸರಿಗಿರುವ ಕಾರಣಕ್ಕೇ ಸೆಕೆಂಡ್ ಹ್ಯಾಂಡ್ ಕಾರು ಕೊಂಡವರಿಗೆ ಹಿಂದಿನ ಮಾಲೀಕರ ಬೋನಸ್ ಸಿಗುವುದಿಲ್ಲ. ಪಾಲಿಸಿಯನ್ನು ತಮ್ಮ ಹೆಸರಿಗೆ ಬರೆಸಿಕೊಳ್ಳುವಾಗ ಆ ರಿಯಾಯಿತಿಯ ಉಳಿದ ಅವಧಿಯ ಹಣ ಕಟ್ಟಬೇಕು. ಹೆಸರು ಬದಲಿಸಲು ಮಾರಾಟವಾದ ದಿನದಿಂದ 14 ದಿನ ಮಾತ್ರ ಇದೆ. ಹಳೆಯ ಹೆಸರಿನಲ್ಲೇ ಪಾಲಿಸಿ ಬಿಟ್ಟು ಓಡಾಡಿದವರ ಓನ್ ಡ್ಯಾಮೇಜ್ ಕ್ಲೇಮ್ ಇಲ್ಲಿಯೇ ಬೀಳುತ್ತದೆ.

ಇನ್ನು ಆಡ್-ಆನ್‌ಗಳು. ಹೆಸರುಗಳ ಪಟ್ಟಿ ಉದ್ದವಿದೆ: ಕೀಲಿ ಕಳೆದರೆ, ಟೈರು ಸೀಳಿದರೆ, ದಾರಿಯಲ್ಲಿ ಗಾಡಿ ನಿಂತರೆ. ಇವುಗಳಲ್ಲಿ ಹಣದ ತೂಕ ಇರುವವು ಎರಡು ಮೂರು ಮಾತ್ರ.

ಝೀರೋ ಡೆಪ್ ಅವುಗಳಲ್ಲಿ ಮೊದಲನೆಯದು. ಗ್ಯಾರೇಜಿನವರು ‘ಬಂಪರ್ ಟು ಬಂಪರ್’ ಎನ್ನುತ್ತಾರೆ. ಇದಿದ್ದರೆ ಮೇಲೆ ಹೇಳಿದ ಸವಕಳಿ ಕಳೆಯುವುದಿಲ್ಲ. ಅದೇ ಬಂಪರ್ ಕ್ಲೇಮ್‌ನಲ್ಲಿ 1,000 ಮಾತ್ರ ಮೇಷ್ಟ್ರದು, ಉಳಿದ 11,000 ಕಂಪನಿಯದು. 10,030ರ ಬೋನಸ್ ಲೆಕ್ಕದ ಎದುರು ಇಟ್ಟರೆ ಆಗಲೂ ಉಳಿಯುವುದು ಸಾವಿರದಷ್ಟು ಮಾತ್ರ. ಅಂದರೆ ಝೀರೋ ಡೆಪ್ ಸಣ್ಣ ಗೀರುಗಳಿಗಾಗಿ ತೆಗೆದುಕೊಳ್ಳುವಂಥದ್ದಲ್ಲ. ಅದರ ನಿಜವಾದ ಉಪಯೋಗ ದೊಡ್ಡ ಅಪಘಾತದಲ್ಲಿ. ಈಗಿನ ಕಾರುಗಳ ಮುಂಭಾಗದಲ್ಲಿ ಬಂಪರ್, ಗ್ರಿಲ್, ಹೆಡ್‌ಲೈಟಿನ ಕವಚ ಎಲ್ಲ ಪ್ಲಾಸ್ಟಿಕ್ಕೇ. ಏರ್‌ಬ್ಯಾಗ್ ತೆರೆದುಕೊಂಡರೆ ಅದಕ್ಕೂ ಸಾದಾ ಪಾಲಿಸಿಯಲ್ಲಿ ಶೇ 50 ಸವಕಳಿ. ಲೋಹದ ಭಾಗಗಳಿಗೂ ಮೂರರಿಂದ ನಾಲ್ಕು ವರ್ಷದ ಕಾರಿನಲ್ಲಿ ಶೇ 25 ಹೋಗುತ್ತದೆ. ಒಂದೂವರೆ ಲಕ್ಷದ ಭಾಗಗಳ ಬಿಲ್ಲಿನಲ್ಲಿ ಅರ್ಧ ಪ್ಲಾಸ್ಟಿಕ್, ಅರ್ಧ ಲೋಹ ಎಂದಿಟ್ಟುಕೊಂಡರೆ 37,500 ಒಂದು ಕಡೆ, 18,750 ಇನ್ನೊಂದು ಕಡೆ, ಒಟ್ಟು 56,250 ರೂಪಾಯಿ ಮಾಲೀಕರ ಜೇಬಿನಿಂದ. ವರ್ಷಕ್ಕೆ ಎರಡು ಸಾವಿರದ ಆಸುಪಾಸಿನ ಆಡ್-ಆನ್ ತಡೆಯುವುದು ಈ ಹೊಡೆತವನ್ನು.

ಇದಕ್ಕೂ ಮಿತಿಗಳಿವೆ. ಎಷ್ಟೋ ಪಾಲಿಸಿಗಳಲ್ಲಿ ವರ್ಷಕ್ಕೆ ಎರಡೇ ಝೀರೋ ಡೆಪ್ ಕ್ಲೇಮ್. ಹಳೆಯ ಕಾರಿಗೆ ಕೆಲವು ಕಂಪನಿಗಳು ಐದು ವರ್ಷದ ನಂತರ ಕೊಡುವುದಿಲ್ಲ, ಕೆಲವು ಇನ್ನಷ್ಟು ವರ್ಷ ಕೊಡುತ್ತವೆ. ಹೆಸರು ಒಂದೇ ಇದ್ದರೂ ಒಳಗಿನ ಷರತ್ತು ಒಂದೇ ಅಲ್ಲ. ಆಯಿಲ್, ಕೂಲಂಟ್, ನಟ್ಟು ಬೋಲ್ಟುಗಳ ಖರ್ಚು ಝೀರೋ ಡೆಪ್‌ನಲ್ಲಿ ಸೇರುವುದಿಲ್ಲ. ಅದಕ್ಕೆ ‘ಕನ್ಸ್ಯೂಮಬಲ್ಸ್’ ಎಂಬ ಬೇರೆ ಆಡ್-ಆನ್ ಇದೆ.

ಎರಡನೆಯದು ಎಂಜಿನ್ ಪ್ರೊಟೆಕ್ಟ್. 2022ರ ಸೆಪ್ಟೆಂಬರ್ ಮೊದಲ ವಾರ ಬೆಂಗಳೂರಿನ ಹೊರವರ್ತುಲ ರಸ್ತೆ, ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆಗಳಲ್ಲಿ ನೀರು ನುಗ್ಗಿ ಮನೆಗಳ ಮುಂದೆ, ಬೇಸ್‌ಮೆಂಟುಗಳಲ್ಲಿ ಕಾರುಗಳು ಮುಳುಗಿ ನಿಂತಿದ್ದನ್ನು ನಾಡೆಲ್ಲ ಟೀವಿಯಲ್ಲಿ ನೋಡಿತ್ತು. ಪ್ರವಾಹದ ಹಾನಿಗೆ ಸಾದಾ ಕಾಂಪ್ರಹೆನ್ಸಿವ್ ಪಾಲಿಸಿಯಲ್ಲೂ ವಿಮೆ ಇದೆ. ಸೀಟು, ಕಾರ್ಪೆಟ್, ವೈರಿಂಗ್ ಹಾಳಾದರೆ ಕ್ಲೇಮ್ ಬರುತ್ತದೆ. ತೊಡಕು ಇರುವುದು ಎಂಜಿನ್‌ನಲ್ಲಿ. ನೀರು ಹೊಕ್ಕ ಎಂಜಿನ್‌ನ ಕೀ ತಿರುಗಿಸಿದಾಗ, ಸಿಲಿಂಡರ್ ಒಳಗಿನ ನೀರನ್ನು ಪಿಸ್ಟನ್ ಒತ್ತಲು ಹೋಗುತ್ತದೆ. ಗಾಳಿ ಒತ್ತಿದರೆ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಕನೆಕ್ಟಿಂಗ್ ರಾಡ್ ಬಾಗುತ್ತದೆ, ಎಂಜಿನ್ ಜಾಮ್ ಆಗುತ್ತದೆ. ಆಗ ಸರ್ವೇಯರ್ ಬರೆಯುವುದು, ಹಾನಿ ಆದದ್ದು ಪ್ರವಾಹದಿಂದಲ್ಲ, ಆಮೇಲೆ ಸ್ಟಾರ್ಟ್ ಮಾಡಿದ್ದರಿಂದ ಎಂದು. ಇಂಥ ‘ಪರಿಣಾಮದ ಹಾನಿ’ ಸಾದಾ ಪಾಲಿಸಿಯಲ್ಲಿ ಹೊರಗೆ. ಝೀರೋ ಡೆಪ್ ಇದ್ದರೂ ಹೊರಗೇ. ಅದನ್ನು ಒಳಗೆ ತರುವುದು ಎಂಜಿನ್ ಪ್ರೊಟೆಕ್ಟ್ ಮಾತ್ರ. ಅದಿದ್ದವರೂ ಗಾಲಿ ಮುಳುಗುವಷ್ಟು ನೀರಿನಲ್ಲಿ ನಿಂತ ಕಾರನ್ನು ಸ್ಟಾರ್ಟ್ ಮಾಡದೆ, ಫೋಟೋ ತೆಗೆದು, ಕಂಪನಿಗೆ ತಿಳಿಸಿ, ಎಳೆಸಿಕೊಂಡು ಹೋಗುವುದೇ ಸರಿ.

ಮೂರನೆಯದು ರಿಟರ್ನ್ ಟು ಇನ್‌ವಾಯ್ಸ್. ಹೊಸ ಕಾರಿನವರು ಮಾತ್ರ ಇದನ್ನು ನೋಡಿದರೆ ಸಾಕು, ಏಕೆಂದರೆ ಸಾಮಾನ್ಯವಾಗಿ ಮೊದಲ ಕೆಲವು ವರ್ಷಕ್ಕಷ್ಟೇ ಕೊಡುತ್ತಾರೆ. ಎಂಟು ಲಕ್ಷದ ಕಾರಿಗೆ ಕರ್ನಾಟಕದಲ್ಲಿ ಜೀವಾವಧಿ ರಸ್ತೆ ತೆರಿಗೆಯೇ ಸೆಸ್ ಸೇರಿ ಒಂದೂಕಾಲು ಲಕ್ಷದ ಆಸುಪಾಸು. ವಿಮೆ ಸೇರಿದರೆ ಕಾರು ಮನೆಗೆ ಬರುವಷ್ಟರಲ್ಲಿ ಖರ್ಚು ಒಂಬತ್ತೂವರೆ ಲಕ್ಷ ಮುಟ್ಟುತ್ತದೆ. ಐಡಿವಿಯಲ್ಲಿ ತೆರಿಗೆ, ನೋಂದಣಿ ಸೇರುವುದಿಲ್ಲ. ಜೊತೆಗೆ ಶೇ 5 ಸವಕಳಿ ಮೊದಲ ದಿನವೇ ಹೋಗಿ 7,60,000 ಆಗಿರುತ್ತದೆ. ಎರಡು ತಿಂಗಳಲ್ಲಿ ಕಾರು ಕಳುವಾದರೆ ಸುಮಾರು ಎರಡು ಲಕ್ಷದ ಕೊರತೆ. ಈ ಆಡ್-ಆನ್ ಇನ್‌ವಾಯ್ಸ್ ಬೆಲೆಯನ್ನೂ, ಷರತ್ತಿಗೆ ತಕ್ಕಂತೆ ತೆರಿಗೆ ನೋಂದಣಿಯನ್ನೂ ತುಂಬಿಕೊಡುತ್ತದೆ. ಮೇಷ್ಟ್ರ ಮೂರು ದಾಟಿದ ಕಾರಿಗೆ ಇದರ ಯೋಚನೆ ಬೇಡ.

ಮತ್ತೆ ಮೊಬೈಲಿಗೆ ಬರೋಣ. ಮಗಳ ಕೊಟೇಶನ್‌ನಲ್ಲಿ ಇನ್ನೊಂದು ಸಾಲು ಉಳಿದಿದೆ. ‘ವಾಲಂಟರಿ ಡಿಡಕ್ಟಿಬಲ್ 5,000’ ಎಂದು ಸಣ್ಣ ಅಕ್ಷರದಲ್ಲಿದೆ. ಪ್ರತಿ ಕ್ಲೇಮ್‌ನಲ್ಲೂ ಕಡ್ಡಾಯದ 1,000ದ ಜೊತೆಗೆ ಇನ್ನೂ 5,000 ತಾವೇ ಹೊರುತ್ತೇವೆಂದು ಒಪ್ಪಿದ್ದಕ್ಕೆ ಸಿಕ್ಕ ರಿಯಾಯಿತಿ 1,500. ಸಣ್ಣ ಕ್ಲೇಮ್ ಮಾಡುವುದೇ ಇಲ್ಲ ಎಂದು ನಿರ್ಧರಿಸಿದವರಿಗೆ ಇದು ಒಳ್ಳೆಯ ದಾರಿಯೇ. ಆದರೆ ಗೊತ್ತಿದ್ದು ಆರಿಸಿಕೊಳ್ಳಬೇಕು.

ಈಗ 7,742 ಹೇಗೆ ಬಂತು ಎಂಬುದು ತಿಳಿಯುತ್ತದೆ. ಆ ಕಂಪನಿಯ ದರ ಐಡಿವಿಯ ಶೇ 1.9. 4,10,000ಕ್ಕೆ 7,790. ವಾಲಂಟರಿ ಡಿಡಕ್ಟಿಬಲ್‌ನ 1,500 ಕಳೆದು 6,290. ಅದರಲ್ಲಿ ತಪ್ಪು ಬೋನಸ್ ಶೇ 50 ಹೋಗಿ 3,145. ಆಡ್-ಆನ್ ಒಂದೂ ಇಲ್ಲ. ಥರ್ಡ್ ಪಾರ್ಟಿ 3,416 ಮತ್ತು ಜಿಎಸ್‌ಟಿ ಸೇರಿಸಿದರೆ 7,742. ಏಜೆಂಟ್ ಲೆಕ್ಕ 4,80,000ದ ಶೇ 2, ಅಂದರೆ 9,600. ಶೇ 35 ಬೋನಸ್ ಕಳೆದು 6,240. ಝೀರೋ ಡೆಪ್ 1,900. ಥರ್ಡ್ ಪಾರ್ಟಿ, ಜಿಎಸ್‌ಟಿ ಸೇರಿ 13,636.

ಮಗಳು ಅದೇ ವೆಬ್‌ಸೈಟಿನಲ್ಲಿ ಹಿಂದಕ್ಕೆ ಹೋಗಿ ನಾಲ್ಕು ಕಡೆ ತಿದ್ದುತ್ತಾಳೆ. ಐಡಿವಿಯನ್ನು 4,80,000ಕ್ಕೆ ಸರಿಸುತ್ತಾಳೆ, ಬೋನಸ್ 35 ಎಂದು ಒತ್ತುತ್ತಾಳೆ, ವಾಲಂಟರಿ ಡಿಡಕ್ಟಿಬಲ್ ತೆಗೆಯುತ್ತಾಳೆ, ಝೀರೋ ಡೆಪ್ ಸೇರಿಸುತ್ತಾಳೆ. ಆ ಕಂಪನಿಯಲ್ಲಿ ಅದಕ್ಕೆ 2,150. ಪ್ರೀಮಿಯಂ ಈಗ 9,120ರಲ್ಲಿ ಬೋನಸ್ ಕಳೆದು 5,928, ಝೀರೋ ಡೆಪ್ ಸೇರಿ 8,078, ಥರ್ಡ್ ಪಾರ್ಟಿ ಸೇರಿ 11,494, ಜಿಎಸ್‌ಟಿಯೊಂದಿಗೆ 13,563 ರೂಪಾಯಿ.

5,894 ರೂಪಾಯಿಯ ಅಂತರ 73ಕ್ಕೆ ಇಳಿದಿದೆ.

ಈಗ ಮೇಷ್ಟ್ರು ಏಜೆಂಟ್‌ಗೆ ಫೋನ್ ಮಾಡಿ ಕೇಳುವ ಪ್ರಶ್ನೆಗಳೂ ಬೇರೆಯಾಗುತ್ತವೆ. “ಝೀರೋ ಡೆಪ್ ಕ್ಲೇಮ್ ವರ್ಷಕ್ಕೆ ಎಷ್ಟು ಸಲ? ದಾವಣಗೆರೆಯಲ್ಲಿ ಕ್ಯಾಶ್‌ಲೆಸ್ ಗ್ಯಾರೇಜ್ ಯಾವುದು, ನಾವು ಬಿಡೋ ಗ್ಯಾರೇಜ್ ಆ ಪಟ್ಟಿಯಲ್ಲಿ ಇದೆಯಾ?” ಮಗಳು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ್ದಾಳೆ, ಜೂನ್‌ನಿಂದ ಕಾರು ಅವಳ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿರುತ್ತದೆ ಎಂಬುದು ಆಗಲೇ ನೆನಪಾಗುತ್ತದೆ. ಎಂಜಿನ್ ಪ್ರೊಟೆಕ್ಟ್‌ಗೆ ಎಷ್ಟಾಗುತ್ತದೆ ಎಂದು ಕೇಳುತ್ತಾರೆ.

“700 ಆಗುತ್ತೆ ಮೇಷ್ಟ್ರೇ, ಜಿಎಸ್‌ಟಿ ಸೇರಿ 826.”

“ಹಾಕಿ. ಹೊಸ ಕೊಟೇಶನ್ ಜೊತೆಗೆ ಆ ಎಂಜಿನ್ ಕವರ್‌ನ ಷರತ್ತಿನ ಪುಟಾನೂ ಕಳಿಸಿ. ನಮ್ಮ ಹಳೇ ಪಾಲಿಸಿ ಕಾಪಿ ನಾನು ಕಳಿಸ್ತೀನಿ, ಅದರಲ್ಲಿರೋ ಬೋನಸ್ ನೋಡಿಕೊಂಡೇ ಈ ಸಲದ್ದು ಬರೀರಿ.”